ಹದಿನೈದು ನಿಮಿಷ, ಒಂದೇ ಪ್ರಶ್ನೆ

ಕೇಳುಗರಿಗೆ ನಮಸ್ಕಾರ.

ನನ್ನ ಕೆಲಸ ವಿದ್ಯುತ್ ಉಪಕೇಂದ್ರಗಳ ರಿಲೇಗಳದ್ದು. ಹೈಟೆನ್ಷನ್ ಲೈನಿಗೆ ಸಿಡಿಲು ಬಡಿದರೆ, ಮರದ ಕೊಂಬೆ ತಾಗಿದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ‘ಲೈನ್ ಕಡಿ’ ಅಂತ ಬ್ರೇಕರಿಗೆ ಹೇಳುವ ಪೆಟ್ಟಿಗೆ ಅದು. 1994ರಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಆದರೆ ಬಾನುಲಿಯವರು ಇವತ್ತು ನನ್ನನ್ನು ಕೂರಿಸಿರುವುದು ರಿಲೇ ಬಗ್ಗೆ ಹೇಳೋಕಲ್ಲ. ಮುಖಪರಿಚಯವೇ ಇಲ್ಲದ ಹಿರಿಯರೊಬ್ಬರನ್ನು ‘ಸ್ವಲ್ಪ ಹೊತ್ತು ಫೋನಿನಲ್ಲಿ ಮಾತಾಡಬಹುದಾ’ ಅಂತ ಹೇಗೆ ಕೇಳಬೇಕು, ಅದನ್ನು ಹೇಳಿ ಅಂದರು. ನಾನು ಒಪ್ಪಿಕೊಂಡೆ. ಯಾಕೆಂದರೆ ಅಂಥ ಸಂದೇಶಗಳು ನನಗೆ ಬರುತ್ತಲೇ ಇರುತ್ತವೆ, ಹೆಚ್ಚಿನವಕ್ಕೆ ನಾನು ಉತ್ತರ ಬರೆಯುವುದಿಲ್ಲ, ಆಮೇಲೆ ರಾತ್ರಿ ಮಲಗುವಾಗ ಕಸಿವಿಸಿ ಆಗುತ್ತೆ.

ಈಗ ಕೇಳುತ್ತಿರುವವರಲ್ಲಿ ಡಿಗ್ರಿ ಮುಗಿಸಿ ಎರಡು ಮೂರು ವರ್ಷ ಆದವರು ಇದ್ದೀರಿ ಅಂದುಕೊಳ್ಳುತ್ತೇನೆ. ಕೆಲಸ ಒಂದಿದೆ, ಆದರೆ ಇದಲ್ಲ ನನಗೆ ಬೇಕಾದದ್ದು ಅನ್ನಿಸುತ್ತಿದೆ. ನಿಮ್ಮ ದಾರಿಯಲ್ಲಿ ಮುಂದೆ ಹೋಗಿರುವ ಒಬ್ಬರು ಲಿಂಕ್ಡ್‌ಇನ್‌ನಲ್ಲಿ ಕಾಣಿಸಿದ್ದಾರೆ. ಬರೆಯಬೇಕು, ಆದರೆ ಕೈ ಓಡುತ್ತಿಲ್ಲ. ನಿಮಗೇ ನಾನು ಹೇಳುತ್ತಿರುವುದು. ಹೇಳುವುದು ಒಂದೇ ಮಾತು: ಒಂದು ಪ್ರಶ್ನೆ ಇಟ್ಟುಕೊಂಡು ಬರೆಯಿರಿ. ಒಂದೇ ಒಂದು. ಅದೂ ಆ ಮನುಷ್ಯರೇ ಉತ್ತರಿಸಬೇಕಾದಂಥ ಪ್ರಶ್ನೆ.

ನನಗೆ ಬರುವ ಸಂದೇಶ ಹೇಗಿರುತ್ತೆ, ಕೇಳಿ. “ಗೌರವಾನ್ವಿತ ಸರ್, ನಾನು ಇಂಥವನು, ಇಂಥ ಕಾಲೇಜು. ತಮ್ಮ ಸಾಧನೆ ಕಂಡು ತುಂಬಾ ಸ್ಫೂರ್ತಿ ಬಂತು. ದಯವಿಟ್ಟು ನನ್ನ ಭವಿಷ್ಯಕ್ಕೆ ಮಾರ್ಗದರ್ಶನ ನೀಡಿ. ರೆಸ್ಯೂಮ್ ಲಗತ್ತಿಸಿದ್ದೇನೆ.” ಇದಕ್ಕೆ ನಾನು ಏನಂತ ಉತ್ತರ ಬರೆಯಲಿ? ನಿಮ್ಮ ಭವಿಷ್ಯ ಏನು ಅಂತ ನಾನೇ ಯೋಚಿಸಬೇಕು, ನಿಮಗೇನು ಬೇಕು ಅಂತ ನಾನೇ ಊಹಿಸಬೇಕು, ಯಾವಾಗ ಮಾತಾಡುವುದು ಅಂತಲೂ ನಾನೇ ಹೇಳಬೇಕು. ಕೆಲಸವೆಲ್ಲ ನನ್ನ ತಲೆಗೇ ಬಂತಲ್ಲ! ‘ನಾಳೆ ನೋಡೋಣ’ ಅಂತ ಪಕ್ಕಕ್ಕಿಡುತ್ತೇನೆ. ಆ ನಾಳೆ ಬರುವುದಿಲ್ಲ. ಇನ್ನು ಕೆಲವರು ‘ಹಾಯ್ ಸರ್’ ಅಂತ ಬರೆದು ಕಾಯುತ್ತಾ ಕೂರುತ್ತಾರೆ. ಅಂಥವರಿಗೆ ನಾನು ಏನೂ ಹೇಳಲಾರೆ.

ಇನ್ನೊಂದು ಸಂದೇಶ ಹೇಳುತ್ತೇನೆ. ಬರೆದವಳು ರಾಣೆಬೆನ್ನೂರಿನ ಹುಡುಗಿ. ಗುತ್ತಿಗೆದಾರರೊಬ್ಬರ ಬಳಿ ರಿಲೇ ಟೆಸ್ಟಿಂಗ್ ಕೆಲಸ. ಅಂದರೆ ವ್ಯಾನಿನಲ್ಲಿ ಟೆಸ್ಟ್ ಕಿಟ್ ಹಾಕಿಕೊಂಡು ಉಪಕೇಂದ್ರದಿಂದ ಉಪಕೇಂದ್ರಕ್ಕೆ ಹೋಗುವುದು, ರಿಲೇಗೆ ಸುಳ್ಳು ಕರೆಂಟು ಕೊಟ್ಟು ಅದು ಸರಿಯಾಗಿ ಟ್ರಿಪ್ ಕೊಡುತ್ತಾ ನೋಡುವುದು. ರಿಲೇ ಯಾವಾಗ ಲೈನ್ ಕಡಿಸಬೇಕು ಅನ್ನುವ ಅಂಕಿಗಳ ಪಟ್ಟಿಗೆ ಸೆಟ್ಟಿಂಗ್ ಶೀಟ್ ಅನ್ನುತ್ತೇವೆ. ಸಂದೇಶ ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಹೇಳುತ್ತೇನೆ:

“ಸರ್, ಮೂರು ವರ್ಷದಿಂದ 220 ಕೆವಿ ಉಪಕೇಂದ್ರಗಳಲ್ಲಿ ರಿಲೇ ಟೆಸ್ಟಿಂಗ್ ಮಾಡುತ್ತಿದ್ದೇನೆ. ಸೆಟ್ಟಿಂಗ್ ಶೀಟ್ ಬೇರೆ ಯಾರೋ ಲೆಕ್ಕ ಹಾಕಿ ಕಳಿಸುತ್ತಾರೆ, ನಾನು ರಿಲೇಗೆ ತುಂಬುತ್ತೇನೆ ಅಷ್ಟೆ. ನೀವೂ ಆರು ವರ್ಷ ಟೆಸ್ಟಿಂಗ್ ಮಾಡಿ 2000ದಲ್ಲಿ ಸೆಟ್ಟಿಂಗ್ ಲೆಕ್ಕದ ಕಡೆಗೆ ಹೋದಿರಿ ಅಂತ ನಿಮ್ಮ ಪ್ರೊಫೈಲಿನಲ್ಲಿ ಓದಿದೆ. ನನ್ನದು ಒಂದು ಪ್ರಶ್ನೆ: ಹಾಗೆ ದಾಟುವಾಗ ನೀವು ಮೊದಲು ಯಾವ ಲೆಕ್ಕವನ್ನು ಸ್ವಂತವಾಗಿ ಮಾಡಿ ಕಲಿತಿರಿ? 15 ನಿಮಿಷ ಫೋನಿನಲ್ಲಿ ಮಾತಾಡಬಹುದೇ? ಬುಧವಾರ ಅಥವಾ ಶುಕ್ರವಾರ ಬೆಳಗ್ಗೆ 8 ಗಂಟೆಗೆ ನಾನೇ ಕರೆ ಮಾಡುತ್ತೇನೆ. ಫೋನಿಗೆ ಬಿಡುವಿಲ್ಲದಿದ್ದರೆ ಎರಡು ಸಾಲು ಬರೆದರೂ ಸಾಕು.”

ಇಷ್ಟೇ. ಓದುವುದಕ್ಕೆ ಅರ್ಧ ನಿಮಿಷ ಸಾಕು. ನಾನು ಉಪಕೇಂದ್ರದ ಗೇಟಿನ ಮುಂದೆ ಕಾರಿನಲ್ಲಿ ಕೂತಿದ್ದೆ, ಒಳಗೆ ಬಿಡುವ ಚೀಟಿಗೆ ಕಾಯುತ್ತಾ. ಅಲ್ಲೇ ‘ಶುಕ್ರವಾರ 8’ ಅಂತ ಉತ್ತರ ಕಳಿಸಿದೆ. ಒಂದು ಪದ, ಒಂದು ಅಂಕಿ. ಅವಳು ನನಗೆ ಬಿಟ್ಟಿದ್ದ ಕೆಲಸ ಅಷ್ಟೇ.

ಆಮೇಲೆ ಬೆರಳು ಹಾಗೇ ಮೇಲಕ್ಕೆ ಸರಿಸಿದೆ ನೋಡಿ, ನಾಚಿಕೆ ಆಯಿತು. ಎಂಟು ತಿಂಗಳ ಹಿಂದೆ ಇದೇ ಹುಡುಗಿ ನನಗೆ ಬರೆದಿದ್ದಳು. ‘ಗೌರವಾನ್ವಿತ ಸರ್, ಮಾರ್ಗದರ್ಶನ ನೀಡಿ’, ಅದೇ ಪಾಠ, ಅದೇ ರೆಸ್ಯೂಮ್. ನಾನು ತೆರೆದು ನೋಡಿ ಸುಮ್ಮನಾಗಿದ್ದೆ. ಅದೇ ಕಾಲೇಜು, ಅದೇ ಅನುಭವ, ಅದೇ ನಾನು. ಬದಲಾಗಿದ್ದು ಒಂದು ಪ್ರಶ್ನೆ ಮಾತ್ರ.

ಶುಕ್ರವಾರ ಫೋನ್ ಮಾಡಿದಾಗ ನಾನೇ ಕೇಳಿಬಿಟ್ಟೆ, “ಅಲ್ಲಮ್ಮ, ಈ ಪ್ರಶ್ನೆ ನಿನಗೆ ಹೇಗೆ ಹೊಳೀತು?” ಅಂತ. ಅವಳು ಹೇಳಿದ್ದು ಕೇಳಿ: “ಸರ್, ನಿಮ್ಮ ಪ್ರೊಫೈಲಿನಲ್ಲಿ 2000ಕ್ಕೆ ಮುಂಚೆ ಒಂದು ಕೆಲಸ, ಆಮೇಲೆ ಇನ್ನೊಂದು ಕೆಲಸ. ನಡುವೆ ಏನಾಯ್ತು ಅಂತ ಬರೆದಿಲ್ಲ. ನಾನು ಈಗ ನಿಂತಿರೋದು ಅಲ್ಲೇ.”

ಭೇಷ್ ಅನ್ನಿಸಿತು! ಯಾರ ಪ್ರೊಫೈಲಿನಲ್ಲೂ ಸಾಲುಗಳ ನಡುವೆ ಇಂಥ ಒಂದು ಖಾಲಿ ಜಾಗ ಇರುತ್ತೆ. ಊರು ಬಿಟ್ಟದ್ದು, ವಿಭಾಗ ಬದಲಿಸಿದ್ದು, ದೊಡ್ಡ ಕಂಪನಿ ಬಿಟ್ಟು ಸಣ್ಣದಕ್ಕೆ ಹೋದದ್ದು. ಅಲ್ಲಿ ಏನಾಯಿತು ಅಂತ ಗೂಗಲ್ ಹೇಳುವುದಿಲ್ಲ, ಅವರೇ ಹೇಳಬೇಕು. ನಿಮ್ಮ ಪ್ರಶ್ನೆಯನ್ನು ಅಲ್ಲಿ ಹುಡುಕಿ. ‘ಈ ಕ್ಷೇತ್ರಕ್ಕೆ ಸ್ಕೋಪ್ ಇದೆಯಾ ಸರ್’ ಅನ್ನುವುದು ಪ್ರಶ್ನೆಯಲ್ಲ. ಅದನ್ನು ಯಾರನ್ನು ಬೇಕಾದರೂ ಕೇಳಬಹುದು, ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದು. ‘ನಿಮ್ಮಲ್ಲಿ ಕೆಲಸ ಖಾಲಿ ಇದೆಯಾ’ ಅನ್ನುವುದೂ ಅಲ್ಲ. ಇಲ್ಲ ಅಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯಿತಲ್ಲ?

ಅವಳ ಸಂದೇಶದಲ್ಲಿ ಇನ್ನೊಂದು ಜಾಣತನ ಇತ್ತು, ಆ ಕೊನೆಯ ಸಾಲು. ‘ಎರಡು ಸಾಲು ಬರೆದರೂ ಸಾಕು.’ ಆಗುವುದಿಲ್ಲ ಅನ್ನುವವರಿಗೆ ಮರ್ಯಾದೆಯಿಂದ ಹೊರಬರಲು ಒಂದು ಬಾಗಿಲು ಬಿಟ್ಟಳು. ವಿಚಿತ್ರ ಏನೆಂದರೆ, ಬಾಗಿಲು ತೆಗೆದಿದ್ದರೆ ಮನುಷ್ಯ ಓಡಿಹೋಗುವುದಿಲ್ಲ, ಕೂತು ಮಾತಾಡುತ್ತಾನೆ.

ಸರಿ, ಈ ಕಥೆಯೇ ನನ್ನ ಅರ್ಧಕ್ಕಿಂತ ಹೆಚ್ಚು ಹಾಳೆ ತಿಂದಿತು. ಮಿಕ್ಕದ್ದನ್ನು ಬೇಗ ಬೇಗ ಹೇಳುತ್ತೇನೆ.

ಸಮಯ. ‘ನಿಮಗೆ ಯಾವಾಗ ಅನುಕೂಲವೋ ಆವಾಗ’ ಅನ್ನಬೇಡಿ. ಅದು ಸೌಜನ್ಯದ ಹಾಗೆ ಕೇಳಿಸುತ್ತೆ, ಆದರೆ ಡೈರಿ ತೆಗೆಯುವ ಕೆಲಸ ನನಗೆ ಬಂತು. ಎರಡು ದಿನ, ಎರಡು ಹೊತ್ತು ನೀವೇ ಹೇಳಿ. ಅಮೆರಿಕದಲ್ಲಿರುವ ನಮ್ಮವರಿಗೆ ಬರೆಯುವಾಗ ಅವರ ಗಡಿಯಾರವನ್ನೂ ಬರೆಯಿರಿ, ಲೆಕ್ಕ ಅವರು ಹಾಕುವ ಹಾಗಿರಬಾರದು. ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯ ಹೊತ್ತು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ನಮ್ಮ ರಾತ್ರಿ 8.30 ಅಂದರೆ ಅಲ್ಲಿ ಬೆಳಗ್ಗೆ 8. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಮೇಲೆ ನಮ್ಮ ಅದೇ 8.30 ಅಲ್ಲಿ ಬೆಳಗ್ಗೆ 7. ಅಕ್ಟೋಬರಿನಲ್ಲಿ ಒಪ್ಪಿಕೊಂಡ ಕರೆಯನ್ನು ನವೆಂಬರಿನಲ್ಲಿ ಮಾಡಿ ಮಲಗಿದ್ದವರನ್ನು ಎಬ್ಬಿಸಿದವರಿದ್ದಾರೆ. ಅದರಲ್ಲಿ ನಾನೂ ಒಬ್ಬ.

ಉತ್ತರ ಬರದಿದ್ದರೆ? ಒಂದು ವಾರ ಬಿಟ್ಟು ಒಂದು ಸಲ ನೆನಪಿಸಿ. ಅದೇ ಸಂದೇಶದ ಕೆಳಗೆ, ಅದೇ ಪ್ರಶ್ನೆ, ಹೊಸ ಎರಡು ದಿನ. ‘ನನ್ನ ಸಂದೇಶ ನೋಡಿದಿರಾ’ ಅಂತ ವಿಚಾರಣೆ ಬೇಡ. ಅದಕ್ಕೂ ಉತ್ತರ ಇಲ್ಲ ಅಂದರೆ ಅವರನ್ನು ಬಿಟ್ಟುಬಿಡಿ, ಇನ್ನೊಬ್ಬರಿಗೆ ಬರೆಯಿರಿ. ಅವರ ನಂಬರ್ ಹೇಗೋ ಸಂಪಾದಿಸಿ ವಾಟ್ಸಾಪಿಗೆ ಹೋಗಬೇಡಿ. ಹೋಗಬೇಡಿ ಅಂದೆ.

ಮಾತು ಸಿಕ್ಕಿದ ಮೇಲೆ, ನಿಮ್ಮ ಪರಿಚಯ ಎರಡು ವಾಕ್ಯದಲ್ಲಿ ಮುಗಿಸಿ ಪ್ರಶ್ನೆಗೆ ಬನ್ನಿ. ಹುಟ್ಟಿದ ಊರಿನಿಂದ ಶುರು ಮಾಡಿ ಪಿಯುಸಿಗೆ ಬರುವಷ್ಟರಲ್ಲಿ ಹನ್ನೊಂದು ನಿಮಿಷ ಕಳೆದವರನ್ನು ನಾನು ಕಂಡಿದ್ದೇನೆ. ಹದಿನಾಲ್ಕನೇ ನಿಮಿಷಕ್ಕೆ “ಸರ್, ನಾನು ಕೇಳಿದ್ದ ಹೊತ್ತು ಮುಗೀತು” ಅಂತ ನೀವೇ ಹೇಳಿ. ರಾಣೆಬೆನ್ನೂರಿನ ಹುಡುಗಿ ಹಾಗೇ ಅಂದಳು. “ಪರವಾಗಿಲ್ಲ, ಹೇಳಮ್ಮ” ಅಂದೆ. ನಲವತ್ತು ನಿಮಿಷ ಮಾತಾಡಿದೆವು, ಹೆಚ್ಚು ಮಾತಾಡಿದವನು ನಾನೇ.

ಕೊನೆಯದು, ಯಾರೂ ಮಾಡದಿರುವುದು. ಅವರು ಹೇಳಿದ್ದನ್ನು ಮಾಡಿ ನೋಡಿ, ಏನಾಯಿತು ಅಂತ ತಿಳಿಸಿ. ನಾನು ಆ ಹುಡುಗಿಗೆ ಹೇಳಿದ್ದು ಇಷ್ಟು: ನೀನು ಟೆಸ್ಟ್ ಮಾಡಿದ ಒಂದು ಲೈನ್ ತಗೋ, ಬಂದಿರುವ ಸೆಟ್ಟಿಂಗ್ ಶೀಟ್ ಮುಚ್ಚಿಡು, ಡಿಸ್ಟೆನ್ಸ್ ರಿಲೇಯ ಮೊದಲ ವಲಯವನ್ನು, ಅಂದರೆ ಎಷ್ಟು ದೂರದೊಳಗೆ ದೋಷ ಆದರೆ ಅದು ತಕ್ಷಣ ಲೈನ್ ಕಡಿಸಬೇಕು ಅನ್ನುವುದನ್ನು, ನೀನೇ ಲೆಕ್ಕ ಹಾಕು, ಆಮೇಲೆ ತೆರೆದು ಹೋಲಿಸು. ಆರು ವಾರ ಆದ ಮೇಲೆ ನೋಟ್‌ಬುಕ್ಕಿನ ಹಾಳೆಯ ಫೋಟೊ ಬಂತು. ನೂರು ಕಿಲೋಮೀಟರ್ ಲೈನ್, ಇಂಪೀಡೆನ್ಸ್ ಅಂದರೆ ಕರೆಂಟಿಗೆ ಲೈನ್ ಒಡ್ಡುವ ಅಡ್ಡಿ 40 ಓಮ್, ಮೊದಲ ವಲಯ ಅದರ ಶೇಕಡ 80, ಹಾಗಾಗಿ 32 ಓಮ್. ಕೆಳಗೆ ಕೆಂಪು ಪೆನ್ನಿನಲ್ಲಿ ಅವಳೇ ಬರೆದಿದ್ದಳು, ಅದರಲ್ಲಿ ಬರುವ ಸಿಟಿ, ಪಿಟಿ ಅಂದರೆ ಲೈನಿನ ಕರೆಂಟನ್ನೂ ವೋಲ್ಟೇಜನ್ನೂ ರಿಲೇಗೆ ತಕ್ಕಷ್ಟು ಇಳಿಸುವ ಟ್ರಾನ್ಸ್‌ಫಾರ್ಮರುಗಳು: “ಶೀಟಿನಲ್ಲಿ 12.8 ಇದೆ. ಎಲ್ಲಿ ತಪ್ಪಿದೆ ಅಂತ ಎರಡು ದಿನ ಹುಡುಕಿದೆ. ರಿಲೇಗೆ ಲೈನಿನ ಓಮ್ ಕಾಣಲ್ಲ, ಸಿಟಿ ಪಿಟಿ ಇಳಿಸಿ ಕೊಟ್ಟಿದ್ದು ಮಾತ್ರ ಕಾಣುತ್ತೆ. ಸಿಟಿ ಅನುಪಾತ 800, ಪಿಟಿ ಅನುಪಾತ 2000. 32ನ್ನು 800ರಿಂದ ಗುಣಿಸಿ 2000ದಿಂದ ಭಾಗಿಸಿದರೆ 12.8. ನನ್ನ 32ನ್ನೇ ಹಾಕಿದ್ದರೆ ರಿಲೇ ಇನ್ನೂರು ಕಿಲೋಮೀಟರ್ ದೂರ ನೋಡ್ತಿತ್ತು, ಪಕ್ಕದ ಲೈನಿನ ದೋಷಕ್ಕೆ ನಮ್ಮ ಲೈನ್ ಬೀಳ್ತಿತ್ತು, ಅಲ್ವಾ ಸರ್?”

ಹೌದು, ಬೀಳ್ತಿತ್ತು. 2000ದಲ್ಲಿ ನಾನು ಮೊದಲು ಹಾಕಿದ ಲೆಕ್ಕದಲ್ಲೂ ಇದೇ ತಪ್ಪಿತ್ತು. ಅವತ್ತು ಸಂಜೆ ಈ ಸಲ ನಾನೇ ಅವಳಿಗೆ ಬರೆದೆ: ಎರಡನೇ ವಲಯದ ಲೆಕ್ಕ ಯಾವಾಗ ಮಾಡ್ತೀಯಮ್ಮ, ಶನಿವಾರ ಬೆಳಗ್ಗೆ 8ಕ್ಕೋ, ಭಾನುವಾರ 9ಕ್ಕೋ?

ನಮಸ್ಕಾರ.