ಜಗಳ ನಿಲ್ಲಿಸಿದ ಆಪರೇಟರ್

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚಿನ ಮಾತು ನನ್ನದು. ನನ್ನ ಮೇಲೆ ನಿಮಗೆ ಎಷ್ಟು ಪ್ರೀತಿ ಇರಬಹುದು ಅಂತ ಗೊತ್ತು.

ಇಲ್ಲಿರುವ ಹೆಚ್ಚಿನವರು ಮಷಿನ್ ಶಾಪ್ ನಡೆಸುವವರು. ಲೇಟಾಗಿ ಬರುವವನನ್ನು ಹಿಡಿಯುವುದು ನಿಮಗೆ ಹೇಳಿಕೊಡಬೇಕಿಲ್ಲ. ಹಾಜರಿ ಸರಿ, ಟಾರ್ಗೆಟ್ ಸರಿ, ರಿಪೋರ್ಟ್ ಸರಿ, ಆದರೆ ಮನಸ್ಸು ಮಾತ್ರ ಕೆಲಸದಲ್ಲಿಲ್ಲ. ಅಂಥವನನ್ನು ಹೇಗೆ ಗುರುತಿಸುತ್ತೀರಿ?

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಡೆದದ್ದು ಹೇಳುತ್ತೇನೆ. ಹೆಸರು ಬೇಡ. ಸಿಎನ್‌ಸಿ ಲೇಥ್‌ನಲ್ಲಿ ಒಂದು ಬುಶ್. ಒಳಗಿನ ಬೋರ್ 25 ಮಿಲಿಮೀಟರ್, ಎಚ್7. ಅಂದರೆ 25.000ದಿಂದ 25.021ರವರೆಗೆ ಪಾಸ್. ಗಂಟೆಗೊಮ್ಮೆ ಅಳತೆ ತೆಗೆದು ಶೀಟಿನಲ್ಲಿ ಬರೆಯಬೇಕು. ಆಪರೇಟರ್ ಬರೆದಿದ್ದ: ಹತ್ತಕ್ಕೆ 25.016, ಹನ್ನೊಂದಕ್ಕೆ 25.009, ಹನ್ನೆರಡಕ್ಕೆ 25.003. ಇನ್ಸರ್ಟ್ ಸವೆದಂತೆ ಬೋರ್ ಕಿರಿದಾಗುತ್ತದೆ, ನಿಮಗೆ ಗೊತ್ತೇ ಇದೆ. ಒಂದು ಗಂಟೆಗೆ ಅಳೆದರೆ 24.997! ನಡುವೆ ಬಂದ ಪೀಸುಗಳೆಲ್ಲ ರೀವರ್ಕ್‌ಗೆ.

ಈಗ ಹೇಳಿ, ತಪ್ಪು ಎಲ್ಲಿದೆ? ಮೂರು ಅಳತೆಯೂ ಪಾಸ್. ಅಳತೆ ಮಿತಿಯಿಂದ ಹೊರಗೆ ಹೋದ ಕೂಡಲೇ ಮಷಿನ್ ನಿಲ್ಲಿಸಿ ಹೇಳಿದ್ದಾನೆ. ಕೆಲಸದ ಪಟ್ಟಿಯಲ್ಲಿ ಬರೆದಿದ್ದೂ ಅಷ್ಟೇ. ಮೆಮೊ ಕೊಟ್ಟರೆ ನೀವೇ ಸೋಲುತ್ತೀರಿ. ಆದರೆ ಇದೇ ಮನುಷ್ಯ ಮೊದಲು ಹನ್ನೊಂದಕ್ಕೇ ಹತ್ತು ಮೈಕ್ರಾನ್ ಆಫ್‌ಸೆಟ್ ಕೊಟ್ಟು, "ಸಾರ್, ಈ ಇನ್ಸರ್ಟ್ ಮಧ್ಯಾಹ್ನದವರೆಗೆ ಬರಲ್ಲ" ಅಂತ ಕೂಗುತ್ತಿದ್ದವನು.

ನಾನು ಸೂಪರ್‌ವೈಸರ್‌ಗೆ ಕೇಳಿದ್ದು ಒಂದೇ: ಯಾವತ್ತಿಂದ?

"ಯಾಕೆ" ಅಂತ ಮೊದಲೇ ಕೇಳಬೇಡಿ. "ಈಗಿನ ಹುಡುಗರೇ ಹಾಗೆ" ಅನ್ನುವ ಉತ್ತರ ಬರುತ್ತದೆ. ಅಂದಹಾಗೆ ಈ ಹುಡುಗನಿಗೆ ನಲವತ್ತೈದು ವರ್ಷ. "ಯಾವತ್ತಿಂದ" ಅಂದರೆ ಹಳೆಯ ಕಾಗದ ತೆಗೆಯಬೇಕಾಗುತ್ತದೆ. ತೆಗೆದೆವು. ಕೈಜೆನ್ ಶೀಟುಗಳಲ್ಲಿ ತಿಂಗಳಿಗೊಂದಾದರೂ ಅವನದು ಇತ್ತು, ಮಾರ್ಚ್ ಆದಮೇಲೆ ಒಂದೂ ಇಲ್ಲ. ಆಫ್‌ಸೆಟ್ ರಿಜಿಸ್ಟರಿನಲ್ಲೂ ಅಲ್ಲಿಂದಾಚೆ ಅವನಾಗಿ ಕೊಟ್ಟದ್ದು ಕಾಣುವುದಿಲ್ಲ, ಎಲ್ಲ ಹೇಳಿಸಿಕೊಂಡು ಕೊಟ್ಟದ್ದೇ. ಬೆಳಗಿನ ಮೀಟಿಂಗಿನಲ್ಲಿ ಜಗಳ ಆಡುವುದನ್ನೂ ಆಗಲೇ ನಿಲ್ಲಿಸಿದ್ದನಂತೆ. ಸೂಪರ್‌ವೈಸರ್‌ಗೆ ಅದು ನೆಮ್ಮದಿ ಅನ್ನಿಸಿತ್ತು! ಮೌನಂ ಸಮ್ಮತಿ ಲಕ್ಷಣಂ ಅನ್ನುವುದನ್ನು ಶಾಪ್ ಫ್ಲೋರಿನಲ್ಲಿ ನಂಬಬೇಡಿ.

ಮಾರ್ಚಿನಲ್ಲಿ ಆಗಿದ್ದೇನು? ಬೋರಿಂಗ್ ಬಾರ್ ಜಾಸ್ತಿ ಹೊರಗೆ ಚಾಚಿದೆ, ಅದಕ್ಕೇ ಅದುರುತ್ತಿದೆ, ಗಿಡ್ಡ ಮಾಡಿ ಹಿಡಿಯೋಣ ಅಂತ ಇವನು ಹೇಳಿದ್ದ. ಮಾಡಿದರು, ಫಿನಿಶ್ ಚೆನ್ನಾಗಿ ಬಂತು. ನೋಟಿಸ್ ಬೋರ್ಡಿನಲ್ಲಿ ಫೋಟೋ ಬಂದದ್ದು ಸೂಪರ್‌ವೈಸರ್‌ದು. ಅವರು ಕೇಳಿ ಹಾಕಿಸಿಕೊಂಡದ್ದಲ್ಲ, ಫಾರ್ಮ್ ಮೇಲೆ ಅವರ ಸಹಿ ಇತ್ತು, ಆಫೀಸಿನವರು ಹಾಗೇ ಹಾಕಿದರು.

ಮಾಲೀಕರು ತಕ್ಷಣ "ಒಂದು ಔಟಿಂಗ್ ಇಡೋಣ, ಬಹುಮಾನ ಕೊಡೋಣ" ಅಂದರು. ಬೇಡ ಅಂದೆ. ಬಹುಮಾನ ಕೊಟ್ಟರೆ ಬಾಯಿ ಮುಚ್ಚಿಸಲು ಕೊಟ್ಟಂತಾಗುತ್ತದೆ. ಮೊದಲು ಬೋರ್ಡಿನಲ್ಲಿ ಹೆಸರು ಸರಿ ಮಾಡಿಸಿದೆವು. ಸೂಪರ್‌ವೈಸರ್ ಅವನ ಮಷಿನ್ ಹತ್ತಿರವೇ ಹೋಗಿ ಮಾತಾಡಿದರು. ಕ್ಯಾಬಿನ್‌ಗೆ ಕರೆಸಿದ್ದರೆ ವಿಚಾರಣೆ ಅನ್ನಿಸುತ್ತಿತ್ತು. "ಯಾಕಯ್ಯ ಡಲ್ ಆಗಿದ್ದೀಯ" ಅನ್ನಲಿಲ್ಲ. "ಈ ಬುಶ್‌ನಲ್ಲಿ ನಿಮಗೆ ಅಡ್ಡ ಬರ್ತಿರೋದು ಏನು?" ಅಂತ ಕೇಳಿದರು. ಮೊದಲ ದಿನ ಬಂದ ಉತ್ತರ, "ಏನೂ ಇಲ್ಲ ಸಾರ್." ಅದೇ ಬರುತ್ತದೆ. ವಾರ ಬಿಟ್ಟು ಮತ್ತೆ ಕೇಳಿದರು.

ಆಮೇಲೆ ಒಂದು ತೀರ್ಮಾನವನ್ನು ಅವನ ಕೈಗೇ ಬಿಟ್ಟೆವು. ಅಳತೆ 25.010ಕ್ಕಿಂತ ಕೆಳಗೆ ಬಂದರೆ ಆಫ್‌ಸೆಟ್ ಕೊಡುವುದು, ಇನ್ಸರ್ಟ್ ಬದಲಿಸುವುದು, ಬೇಕಿದ್ದರೆ ಮಷಿನ್ ನಿಲ್ಲಿಸುವುದು ಅವನ ಇಷ್ಟ, ಯಾರನ್ನೂ ಕೇಳಬೇಕಿಲ್ಲ. ಅವನು ಏನೇ ಸಲಹೆ ಕೊಟ್ಟರೂ ವಾರದೊಳಗೆ ಉತ್ತರ. ಆಗಲ್ಲ ಅಂದರೆ ಯಾಕೆ ಆಗಲ್ಲ ಅಂತಲೂ ಹೇಳಬೇಕು. ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಅನ್ನುವ ಇಬ್ಬರು 1970ರ ದಶಕದಲ್ಲೇ ಇದನ್ನು ಹೇಳಿದ್ದಾರೆ: ಕೆಲಸದಲ್ಲಿ ಸ್ವಂತ ತೀರ್ಮಾನಕ್ಕೆ ಜಾಗ ಇರಬೇಕು, ಮಾಡಿದ್ದರ ಫಲ ತನಗೇ ಕಾಣಬೇಕು.

ತಿಂಗಳು ಕಳೆದರೂ ಏನೂ ಕಾಣಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಸೂಪರ್‌ವೈಸರ್ ಫೋನ್ ಮಾಡಿ ಗೋಳಾಡಿದರು: "ಸಾರ್, ಇನ್ಸರ್ಟ್ ಗ್ರೇಡ್ ಸರಿಯಿಲ್ಲ ಅಂತ ಮೀಟಿಂಗಲ್ಲಿ ಎಲ್ಲರ ಮುಂದೆ ಜಗಳ ತೆಗೆದ." ನಾನು ಅಂದೆ, ಸ್ವೀಟ್ ಹಂಚಿ!

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಇನ್ನೂ ನಾಲ್ಕು ವಿಷಯ ಬರೆದುಕೊಂಡಿದ್ದೆ, ಎರಡನ್ನು ಓಡಿಸಿಬಿಡುತ್ತೇನೆ.

ಸೇರಿದ ದಿನದಿಂದ ಎಂಟು ಗಂಟೆ ಅಚ್ಚುಕಟ್ಟಾಗಿ ದುಡಿದು, ಬೆಲ್ ಆದ ಕೂಡಲೇ ಹೊರಡುವವರು ಇರುತ್ತಾರೆ. ಅವರನ್ನು ಈ ಪಟ್ಟಿಗೆ ಸೇರಿಸಬೇಡಿ. ಅವರು ಬದಲಾಗಿಲ್ಲ, ಇರುವುದೇ ಹಾಗೆ. ಬದಲಾದವನನ್ನು ಹುಡುಕಿ. ಅದಕ್ಕೇ ಮತ್ತೆ ಮತ್ತೆ ಹೇಳುತ್ತಿದ್ದೇನೆ, ಯಾವತ್ತಿಂದ ಅಂತ ಕೇಳಿ. ಕೆಲವೊಮ್ಮೆ ಆ ದಿನ ಆಸ್ಪತ್ರೆಯದೋ, ಮನೆಯ ಸಾಲದ್ದೋ ಆಗಿರುತ್ತದೆ. ಆಗ ಬೇಕಿರುವುದು ರಜೆ, ಅಡ್ವಾನ್ಸ್.

ಇನ್ನೊಂದು, ಸಂಬಳದ ವಿಷಯ. ಓಟಿಗೆ ಕಾನೂನು ಹೇಳುವುದು ಎರಡು ಪಟ್ಟು. ಅದನ್ನು ಸಿಂಗಲ್ ರೇಟಿನಲ್ಲಿ ಕೊಡುತ್ತಿದ್ದರೆ, ನಾನು ಹೇಳಿದ ಯಾವುದನ್ನೂ ಶುರು ಮಾಡಬೇಡಿ. ಮೊದಲು ಆ ಬಾಕಿ ತೀರಿಸಿ. ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದಾರೆ. ಅವರ ಪ್ರಶ್ನೆಯನ್ನು ಊಟದ ಹೊತ್ತಿಗೆ ತೆಗೆದುಕೊಳ್ಳುತ್ತೇನೆ.