ಚಿಲ್ಲರೆ ಇದೆಯಾ?

ಕೇಳುಗರಿಗೆ ನಮಸ್ಕಾರ.

ಬಸ್ಸು ಹತ್ತಿದ್ದೀರಿ. ಟಿಕೆಟ್ಟಿಗೆ 18 ರೂಪಾಯಿ. ನೀವು 100 ರೂಪಾಯಿಯ ನೋಟು ಚಾಚುತ್ತೀರಿ. ಕಂಡಕ್ಟರು ನೋಟನ್ನೊಮ್ಮೆ, ನಿಮ್ಮ ಮುಖವನ್ನೊಮ್ಮೆ ನೋಡಿ, "ಚಿಲ್ಲರೆ ಇದೆಯಾ?" ಎಂದು ಕೇಳುತ್ತಾರೆ. ನೀವು "ಇದೆ" ಎಂದು ಹೇಳಿ, ಹಾಗೇ ಕಿಟಕಿಯ ಕಡೆ ತಿರುಗಿ ಕೂತರೆ ಏನಾದೀತು? ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೀರಿ, ಉತ್ತರವೂ ನಿಜ. ಆದರೂ ಕಂಡಕ್ಟರು ರೇಗುತ್ತಾರೆ. ರೇಗಿದ್ದು ಸರಿ ಎಂದೇ ಇಡೀ ಬಸ್ಸು ಹೇಳುತ್ತದೆ.

ಏಕೆಂದರೆ ಅವರು ಕೇಳಿದ್ದು ಪ್ರಶ್ನೆಯಲ್ಲ. "ಚಿಲ್ಲರೆ ಕೊಡಿ" ಎಂದು ಹೇಳಿದ್ದು. ಅದು ನಿಮಗೆ ಗೊತ್ತಾಗಿದ್ದು ಹೇಗೆ? "ಕೊಡಿ" ಎನ್ನುವ ಮಾತು ಅವರ ಬಾಯಿಂದ ಬಂದೇ ಇಲ್ಲವಲ್ಲ?

ಆಕ್ಸ್‌ಫರ್ಡಿನಲ್ಲಿ ಜೆ. ಎಲ್. ಆಸ್ಟಿನ್ ಎಂಬ ತತ್ವಶಾಸ್ತ್ರದ ಮೇಷ್ಟ್ರಿದ್ದರು. 1955ರಲ್ಲಿ ಅವರು ಅಮೆರಿಕದ ಹಾರ್ವರ್ಡಿಗೆ ಹೋಗಿ ಉಪನ್ಯಾಸಗಳನ್ನು ಕೊಟ್ಟರು. ಮಾತು ಅಂದರೆ ಸುಮ್ನೆ ಸುದ್ದಿ ಹೇಳುವುದಲ್ಲ, ಮಾತಾಡುವುದೇ ಒಂದು ಕೆಲಸ ಮಾಡಿದ ಹಾಗೆ ಎನ್ನುವುದು ಅವರ ವಾದ. "ಬೆಟ್ ಕಟ್ಟಿದೆ" ಎಂದರೆ ಬೆಟ್ ಕಟ್ಟಿದಂತೆಯೇ ಆಯಿತು. "ಮಾತು ಕೊಡ್ತೀನಿ" ಎಂದರೆ ಮಾತು ಕೊಟ್ಟಂತೆ. ಕೇಳುವುದು, ಬೇಡುವುದು, ಅಪ್ಪಣೆ ಮಾಡುವುದು ಎಲ್ಲವೂ ಇಂಥ ಕೆಲಸಗಳೇ. ಸ್ಪೀಚ್ ಆಕ್ಟ್ ಥಿಯರಿ ಶುರುವಾದದ್ದು ಇಲ್ಲಿಂದ. ಒಂದು ಕೆಲಸದ ಉಡುಪಿನಲ್ಲಿ ಇನ್ನೊಂದು ಕೆಲಸ ಹೇಗೆ ನಡೆಯುತ್ತದೆ ಎಂದು 1975ರಲ್ಲಿ ಬಿಡಿಸಿ ಬರೆದವರು ಅಮೆರಿಕದ ತತ್ವಶಾಸ್ತ್ರಜ್ಞ ಜಾನ್ ಸರ್ಲ್. ಅವರು ತೆಗೆದುಕೊಂಡ ಉದಾಹರಣೆ ಊಟದ ಮೇಜಿನದು. "ಆ ಉಪ್ಪನ್ನು ಈ ಕಡೆ ಕೊಡೋಕೆ ನಿಮಗೆ ಆಗುತ್ತಾ?" ಎಂದು ಕೇಳಿದವನಿಗೆ ಬೇಕಾಗಿರುವುದು ಉಪ್ಪು, ನಿಮ್ಮ ಕೈಯ ಶಕ್ತಿಯ ವರದಿ ಅಲ್ಲ. ಆ ಮಾತನ್ನು ಕೇಳಿಸಿಕೊಂಡವನ ತಲೆಯಲ್ಲಿ ನಡೆಯಬಹುದಾದ ಲೆಕ್ಕಾಚಾರವನ್ನು ಸರ್ಲ್ ಹತ್ತು ಹೆಜ್ಜೆಯಾಗಿ ಬಿಡಿಸಿದರು. ಅಷ್ಟೂ ನಮಗೆ ಬೇಡ. ನಮ್ಮ ಕಂಡಕ್ಟರ ಮಾತಿಗೆ ಎರಡು ತಿರುವು ಸಾಕು.

ಮೊದಲನೆಯದು: ಈ ಉತ್ತರದಿಂದ ಇವರಿಗೇನು ಪ್ರಯೋಜನ? ನನ್ನ ಜೇಬಿನಲ್ಲಿ ನಾಣ್ಯ ಇದೆಯೋ ಇಲ್ಲವೋ ಎನ್ನುವುದು ಕಂಡಕ್ಟರಿಗೆ ಬರೀ ಸುದ್ದಿಯಾಗಿ ಬೇಕಿಲ್ಲ. ಆದರೆ ಅವರು ಸುಮ್ಮಸುಮ್ಮನೆ ಮಾತಾಡುವವರೂ ಅಲ್ಲ. ಹಾಗಾದರೆ ಈ ಪ್ರಶ್ನೆಯ ಹಿಂದೆ ಬೇರೇನೋ ಇದೆ.

ಎರಡನೆಯದು: ಆ ಬೇರೇನೋ ಯಾವುದು? ಇದು ಸರ್ಲ್ ಕಂಡುಕೊಂಡ ಸೊಗಸಾದ ಸಂಗತಿ. ಯಾರನ್ನಾದರೂ ಏನಾದರೂ ಮಾಡಿ ಎಂದು ಕೇಳಬೇಕಾದರೆ ಕೆಲವು ವಿಷಯಗಳು ಮೊದಲೇ ಸರಿಯಾಗಿರಬೇಕು. ಅವರಿಗೆ ಅದನ್ನು ಮಾಡಲು ಆಗಬೇಕು. ಕೇಳುವವನಿಗೆ ಅದು ನಿಜವಾಗಿ ಬೇಕಿರಬೇಕು. ಚಿಲ್ಲರೆ ಕೊಡಲು ಮೊದಲು ಚಿಲ್ಲರೆ ಇರಬೇಕು, ಅಲ್ವಾ? ಕಂಡಕ್ಟರು ಮುಟ್ಟಿದ್ದು ಸರಿಯಾಗಿ ಅದನ್ನೇ. ಪ್ರಶ್ನೆ ಕೋರಿಕೆಯ ಬುಡವನ್ನು ತಟ್ಟಿದರೆ ಕೋರಿಕೆ ತಾನೇ ಉದುರುತ್ತದೆ. "ನಿಮ್ಮ ಊರು ಯಾವುದು?" ಎಂದು ಕೇಳಿ ಚಿಲ್ಲರೆ ವಸೂಲು ಮಾಡಲಾಗದು, ಏಕೆಂದರೆ ಊರಿಗೂ ಚಿಲ್ಲರೆ ಕೊಡುವುದಕ್ಕೂ ಸಂಬಂಧವಿಲ್ಲ.

ಹೀಗೆ ಬುಡ ತಟ್ಟಿ ಕೇಳುವುದರಲ್ಲಿ ಇಬ್ಬರಿಗೂ ಲಾಭವಿದೆ. ನೀವು "ಇಲ್ಲ" ಎಂದರೆ ಮಾತು ಅಲ್ಲಿಗೆ ಮುಗಿಯಿತು. ನೀವು ಕೊಡಲಾರೆ ಅಂದಿಲ್ಲ, ಇಲ್ಲ ಅಂದಿದ್ದೀರಿ. ಅದೇ "ಚಿಲ್ಲರೆ ಕೊಡಿ" ಎಂದಿದ್ದರೆ ನಿಮ್ಮ "ಇಲ್ಲ" ಜಗಳದ ಹತ್ತಿರ ಬರುತ್ತಿತ್ತು.

ಇಷ್ಟೆಲ್ಲ ಲೆಕ್ಕ ನಾವು ನಿಜವಾಗಿ ಹಾಕುತ್ತೇವಾ? ನನಗಂತೂ ಅನುಮಾನ. ಅನುಮಾನಕ್ಕೆ ಆಧಾರವೂ ಇದೆ. 1979ರಲ್ಲಿ ರೇಮಂಡ್ ಗಿಬ್ಸ್ ಎಂಬ ಮನಶ್ಶಾಸ್ತ್ರಜ್ಞ ಇಂಥ ಸುತ್ತುಬಳಸಿನ ಕೋರಿಕೆಗಳನ್ನು ಜನರಿಗೆ ಓದಲು ಕೊಟ್ಟು ಸಮಯ ಅಳೆದರು. ಬಿಡಿಯಾಗಿ ಕೊಟ್ಟಾಗ ಅರ್ಥವಾಗಲು ತಡವಾಯಿತು. ಆದರೆ ಸಂದರ್ಭ ತಿಳಿಸುವ ಒಂದು ಪುಟ್ಟ ಕಥೆಯ ಕೊನೆಯಲ್ಲಿ ಅದೇ ಮಾತು ಬಂದಾಗ, ನೇರವಾಗಿ ಹೇಳಿದ ಮಾತಿಗಿಂತ ಜಾಸ್ತಿ ಹೊತ್ತು ಹಿಡಿಯಲಿಲ್ಲ. ಅಂದರೆ ಮೊದಲು ಪ್ರಶ್ನೆ ಎಂದು ತಿಳಿದು, ಆಮೇಲೆ ಅದನ್ನು ಬಿಟ್ಟು, ಕೋರಿಕೆಗೆ ಹೋಗುವ ದಾರಿ ಎಲ್ಲ ಸಲವೂ ನಡೆಯುವಂಥದ್ದಲ್ಲ. ಸಂದರ್ಭ ಮುಂಚೆಯೇ ಬಾಗಿಲು ತೆಗೆದಿಟ್ಟಿರುತ್ತದೆ.

ಸಂದರ್ಭ ಎಂದರೆ ಏನು ಎನ್ನುವುದಕ್ಕೆ ನನಗೆ ಇಷ್ಟವಾದ ಪ್ರಯೋಗ ಅದೇ ವರ್ಷದ್ದು. ಹರ್ಬರ್ಟ್ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞ ಮಾಡಿದ್ದು. ಕ್ಯಾಲಿಫೋರ್ನಿಯಾದ ಮದ್ಯದ ಅಂಗಡಿಗಳಿಗೆ ಫೋನು ಮಾಡಿ, ಒಂದು ಬ್ರಾಂಡಿನ ವಿಸ್ಕಿ ಬಾಟಲಿಯ ಬೆಲೆ 5 ಡಾಲರಿಗಿಂತ ಹೆಚ್ಚಾ ಎಂದು ಕೇಳಿಸಿದರು. ಕೆಲವರಿಗೆ ಮೊದಲು "ನನಗೆ ವಿಸ್ಕಿ ತಗೋಬೇಕಿದೆ" ಎಂದು ಹೇಳಿ ಆಮೇಲೆ ಕೇಳಿದರು. ಇನ್ನು ಕೆಲವರಿಗೆ "ನನ್ನ ಹತ್ತಿರ ಖರ್ಚಿಗೆ ಇರೋದು 5 ಡಾಲರ್ ಅಷ್ಟೇ" ಎಂದು ಹೇಳಿ ಕೇಳಿದರು. ಪ್ರಶ್ನೆ ಅಕ್ಷರಶಃ ಒಂದೇ. ಮೊದಲ ಗುಂಪಿನಲ್ಲಿ ತುಂಬಾ ಅಂಗಡಿಯವರು ಬೆಲೆಯನ್ನೇ ಹೇಳಿಬಿಟ್ಟರು. ಎರಡನೆಯದರಲ್ಲಿ ಹೆಚ್ಚಿನವರು ಹೌದು ಅಥವಾ ಇಲ್ಲ ಎಂದು ನಿಲ್ಲಿಸಿದರು. 5 ಡಾಲರು ಮಾತ್ರ ಇರುವವನಿಗೆ ಅಷ್ಟು ತಿಳಿದರೆ ಸಾಕು. ಅಂಗಡಿಯವರು ಕೇಳಿಸಿಕೊಂಡದ್ದು ವಾಕ್ಯವನ್ನಲ್ಲ, ಫೋನಿನ ಆ ಬದಿಯ ಮನುಷ್ಯ ಮುಂದೆ ಏನು ಮಾಡಹೊರಟಿದ್ದಾನೆ ಎನ್ನುವುದನ್ನು.

ಹಾಗಂತ ವಾಕ್ಯ ಏನೂ ಹೇಳುವುದಿಲ್ಲ ಎಂದಲ್ಲ. ನಮ್ಮ ಕನ್ನಡದಲ್ಲೇ ನೋಡಿ. "ಬಾಗಿಲು ಹಾಕ್ತೀರಾ?" ಎಂದರೆ ಎರಡೂ ಆಗಬಹುದು. ಅಂಗಡಿಯವನನ್ನು "ಎಂಟಕ್ಕೆಲ್ಲ ಬಾಗಿಲು ಹಾಕ್ತೀರಾ?" ಎಂದು ಕೇಳಿದರೆ ಅದು ನಿಜವಾದ ಪ್ರಶ್ನೆ. ಈಗ "ಸ್ವಲ್ಪ" ಸೇರಿಸಿ. "ಸ್ವಲ್ಪ ಬಾಗಿಲು ಹಾಕ್ತೀರಾ?" ಕೋರಿಕೆ ಬಿಟ್ಟರೆ ಬೇರೆ ಅರ್ಥವೇ ಉಳಿಯಲಿಲ್ಲ. ತಮಾಷೆಯೆಂದರೆ ಬಾಗಿಲನ್ನು ಅರ್ಧ ಹಾಕಿ ಎಂದು ಯಾರೂ ತಿಳಿಯುವುದಿಲ್ಲ. ಈ ಸ್ವಲ್ಪ ಬಾಗಿಲಿಗೆ ಸೇರಿದ್ದಲ್ಲ, ನಾನು ನಿಮಗೆ ಕೊಡುತ್ತಿರುವ ತೊಂದರೆಗೆ ಸೇರಿದ್ದು.

ಸರ್ಲರ ಉಪ್ಪಿನ ಪ್ರಶ್ನೆಯನ್ನು ಇಂಗ್ಲಿಷಿನಿಂದ ಹಾಗೇ ಇಳಿಸಿದರೆ ಮಾತ್ರ ನಮ್ಮಲ್ಲಿ ಎಡವಟ್ಟಾಗುತ್ತದೆ. ಅತ್ತೆಯ ಮನೆಯ ಪಂಕ್ತಿಯಲ್ಲಿ ಕೂತು "ಉಪ್ಪು ಕೊಡೋಕೆ ಆಗುತ್ತಾ?" ಎಂದು ಕೇಳಿ ನೋಡಿ. ಎಷ್ಟು ಹೊತ್ತಿನಿಂದ ಕಾಯುತ್ತಿದ್ದೀನಿ ಎಂಬ ಕೊಂಕು ಕೇಳಿಸುತ್ತದೆ. "ಸ್ವಲ್ಪ ಉಪ್ಪು ಕೊಡ್ತೀರಾ?" ಎಂದರೆ ಸಲೀಸು. ಇಂಗ್ಲಿಷು ಶಕ್ತಿಯನ್ನು ಕೇಳಿ ಬೇಡುತ್ತದೆ, ನಾವು ಹೆಚ್ಚಾಗಿ ಮನಸ್ಸನ್ನು ಕೇಳಿ ಬೇಡುತ್ತೇವೆ. ತರ್ಕ ಒಂದೇ ಇದ್ದರೂ ಸವೆದ ದಾರಿ ಆಯಾ ಭಾಷೆಗೆ ಬೇರೆ.

ಉತ್ತರ ಭಾರತದಿಂದ ಬೆಂಗಳೂರಿಗೆ ಬಂದ ಗೆಳೆಯನೊಬ್ಬ ಈ ದಾರಿಯಲ್ಲೇ ಎಡವಿದ. ಮಧ್ಯಾಹ್ನ ಆಫೀಸಿನ ಮೆಟ್ಟಿಲಲ್ಲಿ ಸಿಕ್ಕಾಗ ನಾನು "ಊಟ ಆಯ್ತಾ?" ಎಂದೆ. ಅವನು ಲೆಕ್ಕವನ್ನು ತಪ್ಪಿಲ್ಲದೆ ಹಾಕಿದ. ನಾನು ಊಟ ಮಾಡಿದ್ದೀನೋ ಇಲ್ಲವೋ ಎಂಬ ಸುದ್ದಿ ಇವನಿಗೆ ಏಕೆ? ಊಟಕ್ಕೆ ಕರೆಯಬೇಕಾದರೆ ಊಟ ಆಗಿರಬಾರದು. ಹಾಗಾದರೆ ಇದು ಕರೆಯೇ. ಖುಷಿಯಾಗಿ "ಇನ್ನೂ ಇಲ್ಲ" ಎಂದು ನನ್ನ ಮುಖ ನೋಡುತ್ತಾ ನಿಂತ. ನಾನು "ಓ, ಹೌದಾ? ಸರಿ, ಬರ್ತೀನಿ" ಎಂದು ಇಳಿದು ಹೋದೆ.

ನಮಸ್ಕಾರ.