ಬಿಟ್ಟು ಹೋದವರು ಎಲ್ಲಿ?

ಎಲ್ಲರಿಗೂ ನಮಸ್ಕಾರ. ಮನೋರೋಗ ವಿಭಾಗದಲ್ಲಿ, ಸಣ್ಣ ಕ್ಲಿನಿಕ್‌ಗಳಲ್ಲಿ, ಆಪ್ತಸಮಾಲೋಚನೆಯಲ್ಲಿ ಕೆಲಸ ಮಾಡುವವರು ಕೇಳುತ್ತಿದ್ದೀರಿ ಅಂದುಕೊಂಡು ಮಾತಾಡುತ್ತೇನೆ. "ಡಾಕ್ಟ್ರೇ, ಖಿನ್ನತೆಗೆ ಒಂದು ಆ್ಯಪ್ ಇದೆಯಂತೆ, ಹಾಕ್ಕೊಳ್ಳಲಾ?" ಅಂತ ರೋಗಿಗಳು ನಿಮ್ಮನ್ನು ಕೇಳುತ್ತಿರುತ್ತಾರೆ. ಆ್ಯಪ್ ಮಾಡಿದವರೂ ಬರುತ್ತಾರೆ. ಒಂದು ಅಧ್ಯಯನದ ಪ್ರತಿ ಕೈಗಿಡುತ್ತಾರೆ. ಅದರ ಗ್ರಾಫ್‌ನಲ್ಲಿ ಖಿನ್ನತೆಯ ಅಂಕದ ಎರಡು ಗೆರೆ ಇರುತ್ತವೆ. ಆ್ಯಪ್ ಬಳಸಿದವರ ಗೆರೆ ಚೆನ್ನಾಗಿ ಇಳಿದಿರುತ್ತದೆ, ಬಳಸದವರದು ಸ್ವಲ್ಪವೇ ಇಳಿದಿರುತ್ತದೆ. ಆಗ ನೀವು ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ. ಬಿಟ್ಟು ಹೋದವರು ಎಲ್ಲಿ? ಇವತ್ತು ನಾನು ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ.

ಮಾತ್ರೆಯ ಪ್ರಯೋಗದಲ್ಲೂ ಜನ ಬಿಟ್ಟು ಹೋಗುತ್ತಾರೆ, ನಿಜ. ಆದರೆ ಆ್ಯಪ್ ಬಿಡುವುದು ತುಂಬಾ ಸುಲಭ. ಯಾರಿಗೂ ಹೇಳಬೇಕಾಗಿಲ್ಲ. ತೆರೆಯದೆ ಸುಮ್ನೆ ಇದ್ದರೆ ಸಾಕು. 2019ರಲ್ಲಿ ಅಮಿತ್ ಬೌಮೆಲ್ ಮತ್ತು ಸಂಗಡಿಗರು ಜನ ತಾವಾಗಿಯೇ ಹಾಕಿಕೊಳ್ಳುವ 93 ಮಾನಸಿಕ ಆರೋಗ್ಯದ ಆ್ಯಪ್‌ಗಳ ಬಳಕೆಯನ್ನು ನೋಡಿದರು. 30ನೇ ದಿನಕ್ಕೆ ಇನ್ನೂ ಬಳಸುತ್ತಿದ್ದವರು ಸಾಮಾನ್ಯವಾಗಿ ನೂರಕ್ಕೆ ಮೂರ್ನಾಲ್ಕು ಜನ ಮಾತ್ರ. ಪ್ರಯೋಗದೊಳಗೆ ಪರಿಸ್ಥಿತಿ ಇದಕ್ಕಿಂತ ಉತ್ತಮ. ಯಾಕೆಂದರೆ ಅಲ್ಲಿ ಯಾರೋ ಫೋನ್ ಮಾಡಿ ನೆನಪಿಸುತ್ತಾರೆ. ಆದರೂ 2020ರಲ್ಲಿ ಜಾನ್ ಟೋರಸ್ ಮತ್ತು ಸಂಗಡಿಗರು ಖಿನ್ನತೆಯ ಆ್ಯಪ್‌ಗಳ 18 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ ನಾಲ್ಕರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ ಜನ ಬಿಟ್ಟು ಹೋಗಿದ್ದರು. ಪ್ರಕಟವಾಗದೆ ಉಳಿದ ಅಧ್ಯಯನಗಳೂ ಇರುತ್ತವೆ ಅಂತ ಲೆಕ್ಕ ಸರಿಪಡಿಸಿದರೆ, ಅದು ಸುಮಾರು ಅರ್ಧಕ್ಕೆ ಬರುತ್ತದೆ. ಅರ್ಧ! ಪರೀಕ್ಷೆ ಬರೆದವರ ಅಂಕ ಮಾತ್ರ ತೋರಿಸಿ, ನಡುವೆ ಶಾಲೆ ಬಿಟ್ಟ ಮಕ್ಕಳ ಹೆಸರನ್ನೇ ಹಾಜರಿ ಪುಸ್ತಕದಿಂದ ತೆಗೆದರೆ ಫಲಿತಾಂಶ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ?

ಒಂದು ಲೆಕ್ಕ ಮಾಡೋಣ. ಸಂಖ್ಯೆಗಳು ನಾನು ಕಟ್ಟಿದ್ದು, ಆದರೆ ಇಂಥವು ನಿಮ್ಮ ಮೇಜಿಗೆ ಬರುವಂಥವೇ. ಹತ್ತಿರ ಪೆನ್ನು ಇದ್ದರೆ ಬರೆದುಕೊಳ್ಳಿ.

ಇನ್ನೂರು ಜನ. ಎಲ್ಲರಿಗೂ ಮಧ್ಯಮ ಮಟ್ಟದ ಖಿನ್ನತೆ. ಚೀಟಿ ಎತ್ತಿದ ಹಾಗೆ ಅವರನ್ನು ಎರಡು ಗುಂಪು ಮಾಡಿದ್ದಾರೆ. ನೂರು ಜನಕ್ಕೆ ಆ್ಯಪ್, ನೂರು ಜನ ಕಾಯುವ ಪಟ್ಟಿಯಲ್ಲಿ. ಅಳತೆಗೆ ನಮ್ಮ ಪಿಎಚ್‌ಕ್ಯೂ-9. ಒಂಬತ್ತು ಪ್ರಶ್ನೆ, ಸೊನ್ನೆಯಿಂದ 27ರವರೆಗೆ ಅಂಕ. ಒಬ್ಬ ರೋಗಿಯಲ್ಲಿ ಐದು ಅಂಕ ಇಳಿದರೆ ಅದನ್ನು ಗಮನಿಸಬೇಕಾದ ಬದಲಾವಣೆ ಅನ್ನುತ್ತೇವೆ. ಎಂಟು ವಾರದ ನಂತರ ಆ್ಯಪ್ ಗುಂಪಿನಲ್ಲಿ 60 ಜನ ಮತ್ತೆ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಅವರ ಅಂಕ ಸರಾಸರಿ ಆರು ಇಳಿದಿದೆ. ಕಾಯುವ ಪಟ್ಟಿಯಲ್ಲಿ 88 ಜನ ಉತ್ತರ ಕೊಟ್ಟರು. ಅವರದು ಮೂರು ಇಳಿದಿದೆ. ಹಾಗಾಗಿ ಮೂರು ಅಂಕದ ಲಾಭ ಅಂತ ಶೀರ್ಷಿಕೆ ಹಾಕುತ್ತಾರೆ.

ಈಗ ಕೇಳಿ. ಬಿಟ್ಟು ಹೋದವರು ಎಲ್ಲಿ? ಆ್ಯಪ್ ಗುಂಪಿನ 40 ಜನ, ಇನ್ನೊಂದರ 12 ಜನ. ಅವರಲ್ಲಿ ಯಾರೂ ಸುಧಾರಿಸಲಿಲ್ಲ, ಇದ್ದ ಹಾಗೇ ಇದ್ದರು ಅಂದುಕೊಳ್ಳಿ. ಆ್ಯಪ್ ಗುಂಪಿನಲ್ಲಿ 60 ಜನರ ಆರು ಅಂಕ, ಅಂದರೆ ಒಟ್ಟು 360. ಅದನ್ನು ನೂರು ಜನಕ್ಕೆ ಹಂಚಿದರೆ 3.6. ಕಾಯುವ ಪಟ್ಟಿಯಲ್ಲಿ 88ರ ಮೂರು, ಅಂದರೆ 264. ನೂರಕ್ಕೆ ಹಂಚಿದರೆ 2.64. ಮೂರು ಅಂಕದ ಲಾಭ ಒಂದು ಅಂಕಕ್ಕೂ ಕೆಳಗೆ ಬಂತು. ಬಿಟ್ಟು ಹೋದವರಿಗೆ ಎರಡೆರಡು ಅಂಕ ಹೆಚ್ಚೇ ಆಯಿತು ಅಂದುಕೊಂಡರೆ? ಆಗ ಆ್ಯಪ್ ಗುಂಪಿಗೆ 2.8, ಇನ್ನೊಂದಕ್ಕೆ 2.4. ವ್ಯತ್ಯಾಸ ಅರ್ಧ ಅಂಕವೂ ಇಲ್ಲ. ಉತ್ತರ ಕೊಟ್ಟವರ ಅಂಕ ಒಂದೂ ಬದಲಾಗಿಲ್ಲ. ಕಾಣದವರ ಬಗ್ಗೆ ನಾವು ಅಂದುಕೊಂಡದ್ದು ಮಾತ್ರ ಬದಲಾಯಿತು.

ಆದ್ದರಿಂದ ಅಧ್ಯಯನ ಕೈಗೆ ಬಂದಾಗ ಗ್ರಾಫ್ ಬಿಡಿ. ಮೊದಲ ಪುಟಗಳಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ಒಂದು ಚಿತ್ರ ಇರುತ್ತದೆ. ಎಷ್ಟು ಜನ ಸೇರಿದರು, ಯಾವ ಗುಂಪಿಗೆ ಎಷ್ಟು ಜನ ಹೋದರು, ಎಷ್ಟು ಜನ ಉಳಿದರು ಅಂತ. ಅಲ್ಲಿಗೆ ಹೋಗಿ. ಗುಂಪಿಗೆ ಹಾಕಿದ ಎಲ್ಲರನ್ನೂ ವಿಶ್ಲೇಷಣೆಯಲ್ಲಿ ಇಟ್ಟುಕೊಂಡಿದ್ದಾರಾ, ಕಾಣೆಯಾದ ಅಂಕಗಳನ್ನು ಬೇರೆ ಬೇರೆ ಊಹೆಯಲ್ಲಿ ತುಂಬಿ ನೋಡಿದ್ದಾರಾ ಅಂತ ಹುಡುಕಿ. ಆ ಚಿತ್ರವೇ ಇಲ್ಲದಿದ್ದರೆ ಪ್ರತಿಯನ್ನು ವಾಪಸ್ ಕೊಡಿ. ಇದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು.

ಕಾಯುವ ಪಟ್ಟಿಯ ಬಗ್ಗೆಯೂ ಒಂದು ಮಾತು. ಏನೂ ಸಿಗದೆ ಕಾಯುತ್ತಾ ಕುಳಿತವರ ಜೊತೆ ಹೋಲಿಸಿದರೆ ಯಾವ ಆ್ಯಪ್ ಆದರೂ ಚೆನ್ನಾಗಿ ಕಾಣುತ್ತದೆ. ಫೋನ್‌ನಲ್ಲಿ ಹೊಸದೇನೋ ಸಿಕ್ಕಿದೆ, ಯಾರೋ ದಿನಾ ವಿಚಾರಿಸುತ್ತಿದ್ದಾರೆ ಅನ್ನುವುದೇ ಮನಸ್ಸಿಗೆ ಸ್ವಲ್ಪ ಹಿತ ಕೊಡುತ್ತದೆ. 2017ರಲ್ಲಿ ಜೋಸೆಫ್ ಫರ್ತ್ ಮತ್ತು ಸಂಗಡಿಗರು ಖಿನ್ನತೆಯ ಆ್ಯಪ್ ಪ್ರಯೋಗಗಳನ್ನು ಒಟ್ಟುಗೂಡಿಸಿದರು. ಏನೂ ಕೊಡದ ಗುಂಪಿನ ಜೊತೆ ಹೋಲಿಸಿದಾಗ ಪರಿಣಾಮದ ಗಾತ್ರ 0.56 ಬಂತು. ಇನ್ನೇನಾದರೂ ಚಟುವಟಿಕೆ ಕೊಟ್ಟ ಗುಂಪಿನ ಜೊತೆ ಹೋಲಿಸಿದಾಗ 0.22ಕ್ಕೆ ಇಳಿಯಿತು. ಹೋಲಿಕೆಗೆ ಒಳ್ಳೆಯದು ಅಂದರೆ ನೋಡಲು ಅದೇ ಥರ ಇರುವ, ಅಷ್ಟೇ ನೋಟಿಫಿಕೇಶನ್ ಕಳಿಸುವ, ಆದರೆ ಚಿಕಿತ್ಸೆಯ ಭಾಗ ಮಾತ್ರ ಇಲ್ಲದ ಇನ್ನೊಂದು ಆ್ಯಪ್. ಹೀಗೆ ಮಾಡಿದರೆ ಎರಡೂ ಕಡೆ ಬಿಟ್ಟು ಹೋಗುವವರ ಪ್ರಮಾಣವೂ ಹತ್ತಿರ ಹತ್ತಿರ ಬರುವ ಸಾಧ್ಯತೆ ಇರುತ್ತದೆ. ಲೆಕ್ಕ ಅಷ್ಟು ಹಳಿ ತಪ್ಪುವುದಿಲ್ಲ.

ಈಗ ಎಂಗೇಜ್‌ಮೆಂಟ್, ಅಂದರೆ ಜನ ಆ್ಯಪನ್ನು ಎಷ್ಟು ಬಳಸಿದರು ಅನ್ನುವುದು. ಇದಕ್ಕೆ ಒಂದು ಘಟನೆ ಹೇಳಲೇಬೇಕು. ಒಂದು ಆ್ಯಪ್ ತಂಡ ನಮ್ಮ ವಿಭಾಗಕ್ಕೆ ಬಂದಿತ್ತು. ಹೆಸರು ಬೇಡ. ಅವರ ಪ್ರಯೋಗದಲ್ಲಿ ನಮ್ಮ ಕೆಲವು ರೋಗಿಗಳೂ ಇದ್ದರು. ಪರದೆಯ ಮೇಲೆ ದೊಡ್ಡದಾಗಿ ಬಂತು, ವಾರಕ್ಕೊಮ್ಮೆಯಾದರೂ ಬಳಸುವವರು 70 ಶೇಕಡಾ ಅಂತ. "ಯಾರಲ್ಲಿ 70 ಶೇಕಡಾ?" ಅಂತ ಕೇಳಿದೆ. ಮೊದಲ ವಾರ ಮುಗಿಸಿದವರಲ್ಲಿ ಅಂದರು. ಮೊದಲ ವಾರದಲ್ಲೇ ಬಿಟ್ಟವರು ಆಗಲೇ ಲೆಕ್ಕದಿಂದ ಹೊರಗೆ!

ಲಾಗ್ ತೋರಿಸಿ ಅಂದೆ. ಯಾವ ಬಳಕೆದಾರ ಯಾವ ಗಳಿಗೆಯಲ್ಲಿ ಏನು ಒತ್ತಿದ ಅನ್ನುವ ಸಾಲು ಸಾಲು ದಾಖಲೆ ಅದು. ಅವರ ಜೊತೆ ಒಬ್ಬ ಹುಡುಗ ಇದ್ದ, ಎಂಜಿನಿಯರ್. ಪಾಪ, ಪ್ರಾಮಾಣಿಕ. ಲ್ಯಾಪ್‌ಟಾಪ್ ತಿರುಗಿಸಿ ತೆರೆದೇ ಬಿಟ್ಟ. ರಾತ್ರಿ ಒಂಬತ್ತಕ್ಕೆ ನೋಟಿಫಿಕೇಶನ್ ಹೋಗಿದೆ. ಐದು ಸೆಕೆಂಡಿಗೆ ಆ್ಯಪ್ ತೆರೆದಿದೆ. ಇನ್ನು ಆರು ಸೆಕೆಂಡಿಗೆ ಮುಚ್ಚಿದೆ. ಮರುದಿನವೂ ಹಾಗೇ. ನೋಟಿಫಿಕೇಶನ್ ಒರೆಸಿ ಹಾಕಲು ಹೋಗಿ ಬೆರಳು ತಗುಲಿದ್ದು ಅದು. "ಇದನ್ನೂ ಬಳಕೆ ಅಂತ ಹಿಡಿದಿದ್ದೀರಾ?" ಅಂದರೆ, "ಹೌದು ಮೇಡಂ, ಓಪನ್ ಆಗಿದೆಯಲ್ಲ" ಅಂದ.

ಆಮೇಲೆ ಅತಿ ಹೆಚ್ಚು ಬಳಸಿದವರ ಪಟ್ಟಿ ತೋರಿಸಿದರು. ಮೇಲಿದ್ದ ಒಬ್ಬರನ್ನು ತುಂಬಾ ಹೊಗಳಿದರು. ಅವರ ಸಾಲುಗಳನ್ನು ನೋಡುತ್ತಾ ಹೋದೆ. ರಾತ್ರಿ ಒಂದು ಹತ್ತು. ಒಂದೂಕಾಲು. ಒಂದೂಮುಕ್ಕಾಲು. ಎರಡೂವರೆ. ಪ್ರತಿ ಸಲ ಉಸಿರಾಟದ ಅಭ್ಯಾಸ ಶುರು ಮಾಡಿದ್ದಾರೆ, ನಡುವೆಯೇ ನಿಲ್ಲಿಸಿದ್ದಾರೆ. ಮನಸ್ಸು ಹೇಗಿದೆ ಅನ್ನುವ ಪ್ರಶ್ನೆಗೆ ಪ್ರತಿ ಸಲ ಕೊನೆಯ ಮುಖ, ಅಳುವ ಮುಖ. ಇದನ್ನು ನೋಡಿದ ಯಾವ ನರ್ಸ್ ಆದರೂ ಹೇಳುತ್ತಾರೆ, ಈ ಮನುಷ್ಯನಿಗೆ ನಿದ್ದೆ ಇಲ್ಲ, ಚಡಪಡಿಕೆ ಇದೆ ಅಂತ. ಪರದೆಯ ಮೇಲೆ ಮಾತ್ರ ಅವರು ಅತ್ಯುತ್ತಮ ಬಳಕೆದಾರ. ಅವತ್ತೇ ಪ್ರಯೋಗದ ವೈದ್ಯರಿಂದ ಫೋನ್ ಮಾಡಿಸಿದೆವು. ಆ ರೋಗಿ ಮಾತ್ರೆ ನಿಲ್ಲಿಸಿಬಿಟ್ಟಿದ್ದರು.

ಇನ್ನೊಬ್ಬರ ಸಾಲುಗಳು ನಾಲ್ಕನೇ ದಿನಕ್ಕೇ ನಿಂತಿದ್ದವು. "ಗುಣವಾಗಿ ಬಿಟ್ಟಿರಬಹುದು ಮೇಡಂ" ಅಂದರು. ಇರಬಹುದು. ಬೇಜಾರಾಗಿ ಬಿಟ್ಟಿರಲೂಬಹುದು. ಹದಗೆಟ್ಟು ಬಿಟ್ಟಿರಲೂಬಹುದು. ಲಾಗ್‌ನಲ್ಲಿ ಮೂವರೂ ಒಂದೇ ಥರ ಕಾಣುತ್ತಾರೆ, ಖಾಲಿ ಸಾಲಾಗಿ. ಕೇಳದೆ ಗೊತ್ತಾಗುವುದಿಲ್ಲ. ಅವರನ್ನು ಯಾರೂ ಕೇಳಿರಲಿಲ್ಲ.

ಹಾಗಾಗಿ ಎಷ್ಟು ಸಲ ತೆರೆದರು, ಎಷ್ಟು ನಿಮಿಷ ಇದ್ದರು ಅನ್ನುವುದರ ಮೇಲೆ ಜಾಸ್ತಿ ಭಾರ ಹಾಕಬೇಡಿ. ಚಿಕಿತ್ಸೆಯ ಯಾವ ಭಾಗವನ್ನು ಕೊನೆಯವರೆಗೆ ಮಾಡಿದರು ಅಂತ ಕೇಳಿ. ಆರು ಪಾಠ ಇದ್ದರೆ, ಶುರುವಿಗೆ ಸೇರಿದ ಎಲ್ಲರಲ್ಲಿ ಎಷ್ಟು ಜನ ನಾಲ್ಕು ಮುಗಿಸಿದರು? ಈ ಮಟ್ಟ ಎಷ್ಟಿರಬೇಕು ಅಂತ ಪ್ರಯೋಗ ಶುರುವಾಗುವ ಮೊದಲೇ ಬರೆದಿಟ್ಟಿದ್ದರಾ? ಜಾಸ್ತಿ ಬಳಸಿದವರೇ ಜಾಸ್ತಿ ಗುಣವಾದರು ಅಂತಲೂ ಹೇಳುತ್ತಾರೆ. ಗುಣವಾಗುತ್ತಿದ್ದವರಿಗೆ ಬಳಸುವ ಚೈತನ್ಯ ಇತ್ತು ಅಂತಲೂ ಅದನ್ನು ಓದಬಹುದು. ಖಿನ್ನತೆ ಗಾಢವಾದವರಿಗೆ ಫೋನ್ ಎತ್ತಿಕೊಳ್ಳುವುದೇ ಕಷ್ಟ, ಇದು ನಿಮಗೆ ಹೇಳಬೇಕಾಗಿಲ್ಲ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು. ಅಪಾಯಗಳನ್ನು ಬೇಗ ಹೇಳುತ್ತೇನೆ. ಮೊದಲನೆಯದು, ಹದಗೆಟ್ಟವರು. ಸರಾಸರಿ ಇಳಿದರೂ ಕೆಲವರ ಅಂಕ ಏರಿರುತ್ತದೆ. ಐದು ಅಥವಾ ಅದಕ್ಕಿಂತ ಜಾಸ್ತಿ ಏರಿದವರು ಎರಡೂ ಗುಂಪಿನಲ್ಲಿ ಎಷ್ಟು ಜನ ಅಂತ ಕೇಳಿ. ಅಡ್ಡಪರಿಣಾಮ ಯಾವುದೂ ಕಂಡುಬರಲಿಲ್ಲ ಅಂತ ಬರೆದಿದ್ದರೆ, ಹೇಗೆ ಹುಡುಕಿದಿರಿ ಅಂತ ಕೇಳಿ. ಬಿಟ್ಟು ಹೋದವರಿಗೆ ಫೋನ್ ಮಾಡದೆ ಆ ಮಾತು ಬರೆಯುವ ಹಾಗಿಲ್ಲ.

ಎರಡನೆಯದು ಖಾಸಗಿತನ. 2019ರಲ್ಲಿ ಕಿಟ್ ಹಕ್ವೇಲ್ ಮತ್ತು ಸಂಗಡಿಗರು ಖಿನ್ನತೆ ಮತ್ತು ಧೂಮಪಾನ ಬಿಡಿಸುವ 36 ಆ್ಯಪ್‌ಗಳಿಂದ ಹೊರಗೆ ಹೋಗುವ ಮಾಹಿತಿಯನ್ನು ಪರೀಕ್ಷಿಸಿದರು. 29 ಆ್ಯಪ್‌ಗಳು ಗೂಗಲ್ ಅಥವಾ ಫೇಸ್‌ಬುಕ್‌ಗೆ, ಜಾಹೀರಾತಿಗೋ ಬಳಕೆಯ ವಿಶ್ಲೇಷಣೆಗೋ ಮಾಹಿತಿ ಕಳಿಸುತ್ತಿದ್ದವು. ಅದನ್ನು ತಮ್ಮ ನೀತಿಯಲ್ಲಿ ಸರಿಯಾಗಿ ಹೇಳಿದ್ದವು ಅರ್ಧವೂ ಇರಲಿಲ್ಲ. ನೀತಿ ಓದಿದರೆ ಸಾಲದು, ಮಾಹಿತಿ ಎಲ್ಲಿಗೆ ಹೋಗುತ್ತದೆ ಅಂತ ಯಾರಾದರೂ ಅಳೆದು ನೋಡಿರಬೇಕು. ಆ್ಯಪ್ ಬಿಟ್ಟವರ ದಾಖಲೆ ಅಳಿಸುತ್ತಾರಾ ಅಂತಲೂ ಕೇಳಿ.

ಮೂರನೆಯದು ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ, ಸಾಯುವ ಯೋಚನೆಯದು. ಆ್ಯಪ್ ಅದನ್ನು ಕೇಳುತ್ತದೆ. ರಾತ್ರಿ ಎರಡಕ್ಕೆ ಒಬ್ಬರು "ಹೆಚ್ಚುಕಡಿಮೆ ಪ್ರತಿದಿನ" ಅಂತ ಒತ್ತುತ್ತಾರೆ. ಆ ಉತ್ತರವನ್ನು ಯಾರು, ಎಷ್ಟು ಹೊತ್ತಿಗೆ ನೋಡುತ್ತಾರೆ? ನೋಡಿದವರು ಏನು ಮಾಡಬೇಕು ಅಂತ ಬರೆದಿಟ್ಟಿದೆಯಾ? ಒಂಬತ್ತನೇ ಪ್ರಶ್ನೆಗೆ ಹೀಗೆ ಉತ್ತರ ಕೊಟ್ಟು, ಮಾರನೇ ವಾರದಿಂದ ಆ್ಯಪ್ ತೆರೆಯದವರನ್ನು ಬಿಟ್ಟು ಹೋದವರು ಅಂತ ಗುರುತು ಹಾಕಿ ಸುಮ್ಮನಾಗುತ್ತಾರಾ, ಅಥವಾ ಹುಡುಕಿ ಮಾತಾಡಿಸುತ್ತಾರಾ? ಇದಕ್ಕೆ ಹೆಸರು, ಹುದ್ದೆ, ಗಂಟೆ ಸಮೇತ ಬರವಣಿಗೆಯಲ್ಲಿ ಉತ್ತರ ಬರುವವರೆಗೆ ನಿಮ್ಮ ರೋಗಿಗಳನ್ನು ಆ ಪ್ರಯೋಗಕ್ಕೆ ಸೇರಿಸಬೇಡಿ. ನಮಸ್ಕಾರ.